ಗ್ರಂಥಾಲಯದ ಬಳಕೆ ಕುರಿತು ವಿದ್ಯಾರ್ಥಿ ಸಮೀಕ್ಷೆ ನಡೆಸಲು ಅನುಮತಿ ಕೋರಿ ಪತ್ರ

ದಿನಾಂಕ: 12 ಜನವರಿ 2026

ಇಂದ,
ಮೇಘನಾ ಮತ್ತು ತಂಡ
ಅಂತಿಮ ವರ್ಷದ ಬಿ.ಎ.
ಸಮಾಜಶಾಸ್ತ್ರ ವಿಭಾಗ

ಇವರಿಗೆ,
ಮಾನ್ಯ ಪ್ರಾಂಶುಪಾಲರು
(ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥರ ಮೂಲಕ)

ವಿಷಯ: ಫೆಬ್ರವರಿ 2ರಿಂದ 6ರವರೆಗೆ ಕಾಲೇಜಿನ ತರಗತಿಗಳಲ್ಲಿ ಸಮೀಕ್ಷೆ ನಡೆಸಲು ಅನುಮತಿ ಕೋರಿ.

ಮಾನ್ಯರೇ,

ನಾವು ನಾಲ್ವರು ವಿದ್ಯಾರ್ಥಿಗಳು ಈ ಸೆಮಿಸ್ಟರ್‌ನ ಪ್ರಾಜೆಕ್ಟ್‌ಗಾಗಿ ನಮ್ಮ ಗ್ರಂಥಾಲಯದ ಬಳಕೆಯ ವಿಷಯ ತೆಗೆದುಕೊಂಡಿದ್ದೇವೆ. ಗ್ರಂಥಾಲಯಕ್ಕೆ ಯಾರು ಬರುತ್ತಾರೆ ಎಂಬುದು ಬಾಗಿಲ ಬಳಿಯ ರಿಜಿಸ್ಟರ್ ನೋಡಿದರೆ ಗೊತ್ತಾಗುತ್ತದೆ. ಬಾರದವರು ಯಾಕೆ ಬರುವುದಿಲ್ಲ ಎಂದು ಆ ರಿಜಿಸ್ಟರ್ ಹೇಳುವುದಿಲ್ಲ. ನಮಗೆ ಬೇಕಿರುವುದು ಅದೇ. ಬೇಕಾದ ಪುಸ್ತಕ ಸಿಗುವುದಿಲ್ಲವೇ, ಸಮಯ ಹೊಂದುವುದಿಲ್ಲವೇ, ಕೂರಲು ಜಾಗ ಸಾಲದೇ, ಅಥವಾ ಮೊಬೈಲ್‌ನಲ್ಲೇ ಎಲ್ಲ ಸಿಗುತ್ತದೆ ಎಂಬ ಅನಿಸಿಕೆಯೇ?

ಬಾರದವರನ್ನು ಗ್ರಂಥಾಲಯದ ಬಾಗಿಲಲ್ಲಿ ನಿಂತು ಕೇಳಲು ಆಗುವುದಿಲ್ಲ, ಅಲ್ವಾ? ಅದಕ್ಕೇ ತರಗತಿಗಳಿಗೆ ಹೋಗಬೇಕಾಗಿದೆ, ಅದಕ್ಕೇ ತಮ್ಮ ಅನುಮತಿ ಬೇಕಾಗಿದೆ. ವಾಟ್ಸಾಪ್ ಗುಂಪಿಗೆ ಫಾರ್ಮ್‌ನ ಲಿಂಕ್ ಹಾಕುವುದು ಸುಲಭವಿತ್ತು. ಆದರೆ ಅಂಥ ಫಾರ್ಮ್‌ಗಳನ್ನು ತುಂಬುವವರು ಹೆಚ್ಚಾಗಿ ಆ ವಿಷಯದಲ್ಲಿ ಮೊದಲೇ ಆಸಕ್ತಿ ಇರುವವರು, ಇಲ್ಲವೇ ನಮ್ಮ ಗೆಳೆಯರು. ಆ ಉತ್ತರಗಳನ್ನು ಇಟ್ಟುಕೊಂಡು ಇಡೀ ಕಾಲೇಜಿನ ಬಗ್ಗೆ ಮಾತಾಡಿದರೆ ತಪ್ಪಾಗುತ್ತದೆ.

ನಾವು ಯೋಚಿಸಿರುವ ಕ್ರಮ ಹೀಗಿದೆ. ಕಾಲೇಜಿನಲ್ಲಿ ಒಟ್ಟು 1,920 ವಿದ್ಯಾರ್ಥಿಗಳಿದ್ದಾರೆ. ಎಲ್ಲ ತರಗತಿಗಳ ಹಾಜರಿ ಸಂಖ್ಯೆಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಇಟ್ಟು, 1ರಿಂದ 8ರ ಒಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿ, ಅಲ್ಲಿಂದ ಮುಂದೆ ಪ್ರತಿ ಎಂಟನೆಯವರನ್ನು ಆರಿಸುತ್ತೇವೆ. ಒಟ್ಟು 240 ಮಂದಿ ಸಿಗುತ್ತಾರೆ. ಮೂರೂ ವರ್ಷದವರು, ಎಲ್ಲ ಕೋರ್ಸಿನವರು ತಂತಮ್ಮ ಪಾಲಿನಷ್ಟು ಬರುತ್ತಾರೆ. ಎಲ್ಲರೂ ಉತ್ತರಿಸಿದರೆ ನಮ್ಮ ಲೆಕ್ಕ ಸಾಮಾನ್ಯವಾಗಿ ಶೇ. 6ರ ಆಸುಪಾಸಿನೊಳಗೆ ಆಚೀಚೆ ಆಗಬಹುದು. ವಿದ್ಯಾರ್ಥಿ ಪ್ರಾಜೆಕ್ಟ್‌ಗೆ ಇಷ್ಟು ಸಾಕು ಎಂದು ನಮ್ಮ ಮಾರ್ಗದರ್ಶಕರು ಹೇಳಿದ್ದಾರೆ. ಆ ದಿನ ಗೈರಾದವರನ್ನು ಇನ್ನೆರಡು ಸಲ ಹುಡುಕಿಕೊಂಡು ಹೋಗುತ್ತೇವೆ. ಅವರ ಬದಲು ಪಕ್ಕದ ಬೆಂಚಿನವರನ್ನು ಕೇಳುವುದಿಲ್ಲ, ಏಕೆಂದರೆ ತರಗತಿಗೇ ಕಡಿಮೆ ಬರುವವರು ಹೇಳುವುದು ಬೇರೆಯೇ ಇರಬಹುದು.

ಪ್ರಶ್ನಾವಳಿಯಲ್ಲಿ 14 ಪ್ರಶ್ನೆಗಳಿವೆ. ನಮ್ಮ ವಿಭಾಗದ ಹತ್ತು ಮಂದಿಗೆ ಕೊಟ್ಟು ನೋಡಿದಾಗ ಏಳು ನಿಮಿಷ ಹಿಡಿಯಿತು. "ಗ್ರಂಥಾಲಯದಲ್ಲಿ ಸೌಲಭ್ಯ ಕಡಿಮೆ ಎಂದು ನಿಮಗೆ ಅನ್ನಿಸುತ್ತದೆಯೇ?" ಎಂಬ ಪ್ರಶ್ನೆಗೆ ಹತ್ತೂ ಜನ "ಹೌದು" ಎಂದಾಗ ನಮ್ಮ ತಪ್ಪು ನಮಗೇ ಗೊತ್ತಾಯಿತು. ಉತ್ತರವನ್ನು ನಾವೇ ಬಾಯಿಗೆ ಇಟ್ಟಿದ್ದೆವು. ಈಗ ಅದನ್ನು "ಕಳೆದ ಸಲ ಗ್ರಂಥಾಲಯಕ್ಕೆ ಹೋದಾಗ ಏನು ಬೇಕಿತ್ತು, ಅದು ಸಿಕ್ಕಿತೇ?" ಎಂದು ಬದಲಿಸಿದ್ದೇವೆ.

ಹೆಸರು, ಹಾಜರಿ ಸಂಖ್ಯೆ, ಫೋನ್ ನಂಬರ್ ಯಾವುದನ್ನೂ ಫಾರ್ಮ್‌ನಲ್ಲಿ ಕೇಳುವುದಿಲ್ಲ. ವರ್ಷ ಮತ್ತು ಕೋರ್ಸ್ ಮಾತ್ರ ಕೇಳುತ್ತೇವೆ. ಯಾರಿಗೆ ಫಾರ್ಮ್ ಕೊಟ್ಟೆವು ಎಂಬ ಪಟ್ಟಿ ಬೇರೆ ಇರುತ್ತದೆ, ಕೆಲಸ ಮುಗಿದ ದಿನವೇ ಅದನ್ನು ಹರಿದುಹಾಕುತ್ತೇವೆ. ತುಂಬಿದ ಫಾರ್ಮ್ ಅನ್ನು ಮಡಿಸಿ ಮುಚ್ಚಿದ ಪೆಟ್ಟಿಗೆಗೆ ಹಾಕಬೇಕು. ಇಷ್ಟವಿಲ್ಲದವರು ಖಾಲಿ ಫಾರ್ಮ್ ಹಾಕಬಹುದು, ಯಾರೂ ಯಾಕೆ ಎಂದು ಕೇಳುವುದಿಲ್ಲ. ಅಧ್ಯಾಪಕರ ಕೈಯಲ್ಲಿ ಫಾರ್ಮ್ ಸಂಗ್ರಹಿಸಬಾರದು ಎಂದು ನಾವೇ ತೀರ್ಮಾನಿಸಿದ್ದೇವೆ. ಎದುರಿಗೆ ಮೇಷ್ಟ್ರು ನಿಂತಿದ್ದರೆ "ದಿನಾ ಗ್ರಂಥಾಲಯಕ್ಕೆ ಹೋಗುತ್ತೇನೆ" ಎಂದು ಬರೆಯುವವರೇ ಜಾಸ್ತಿ. 18 ತುಂಬದವರನ್ನು ಸಮೀಕ್ಷೆಗೆ ಸೇರಿಸುವುದಿಲ್ಲ.

ತಮ್ಮಿಂದ ಮೂರು ವಿಷಯಗಳಿಗೆ ಒಪ್ಪಿಗೆ ಬೇಕು. ಆ ಐದು ದಿನ ಆಯ್ದ ತರಗತಿಗಳಲ್ಲಿ ಪಾಠದ ಕೊನೆಯ ಹತ್ತು ನಿಮಿಷ, ಅದೂ ಆ ಅಧ್ಯಾಪಕರು ಒಪ್ಪಿದರೆ ಮಾತ್ರ. ಎರಡನೆಯದು, ಆಯ್ಕೆಗಾಗಿ ಕಚೇರಿಯಿಂದ ತರಗತಿವಾರು ಹಾಜರಿ ಸಂಖ್ಯೆಗಳ ಪಟ್ಟಿ. ಹೆಸರುಗಳು ಬೇಡ. ಮೂರನೆಯದು, ನೋಟಿಸ್ ಬೋರ್ಡ್‌ನಲ್ಲಿ ಒಂದು ಸಣ್ಣ ಸೂಚನೆ ಹಾಕಲು ಅವಕಾಶ. ಜೆರಾಕ್ಸ್ ಖರ್ಚು ನಮ್ಮದೇ. ಆಂತರಿಕ ಪರೀಕ್ಷೆಗಳು ಫೆಬ್ರವರಿ 16ಕ್ಕೆ ಶುರುವಾಗುವುದರಿಂದ ಅದಕ್ಕೆ ಮುಂಚಿನ ವಾರವನ್ನೂ ಬಿಟ್ಟು ಈ ದಿನಗಳನ್ನು ಆರಿಸಿದ್ದೇವೆ.

ವರದಿಯ ಒಂದು ಪ್ರತಿಯನ್ನು ಮಾರ್ಚ್ 30ರ ಒಳಗೆ ತಮಗೂ ಗ್ರಂಥಪಾಲಕರಿಗೂ ಕೊಡುತ್ತೇವೆ. ಅದರಲ್ಲಿ ಗ್ರಂಥಾಲಯದ ಬಗ್ಗೆ ಹಿಡಿಸದ ಮಾತುಗಳೂ ಬರಬಹುದು. ಗ್ರಂಥಪಾಲಕರಿಗೆ ಇದನ್ನು ಮೊದಲೇ ತಿಳಿಸಿದ್ದೇವೆ, "ಬರೆಯಿರಿ, ನೋಡೋಣ" ಎಂದಿದ್ದಾರೆ.

ಪ್ರಶ್ನಾವಳಿ ಮತ್ತು ಒಪ್ಪಿಗೆ ಪತ್ರದ ನಮೂನೆಯನ್ನು ಇದರ ಜೊತೆ ಲಗತ್ತಿಸಿದ್ದೇವೆ. ಯಾವುದಾದರೂ ಪ್ರಶ್ನೆ ಬೇಡವೆನಿಸಿದರೆ ತಿಳಿಸಿ, ಬಂದು ಮಾತಾಡುತ್ತೇವೆ. ಫಾರ್ಮ್ ಅಚ್ಚು ಹಾಕಿಸಬೇಕಿರುವುದರಿಂದ ಜನವರಿ 23ರ ಒಳಗೆ ತಮ್ಮ ಉತ್ತರ ಸಿಕ್ಕರೆ ಅನುಕೂಲವಾಗುತ್ತದೆ.

ವಂದನೆಗಳೊಂದಿಗೆ,

ತಮ್ಮ ವಿಧೇಯ ವಿದ್ಯಾರ್ಥಿಗಳು,
ಮೇಘನಾ, ಇರ್ಫಾನ್, ಸುಮಾ, ಪ್ರಶಾಂತ