ರದ್ದಾದ ವಿಮಾನದ ಟಿಕೆಟ್ ಹಣ ಮರುಪಾವತಿ ನಿರಾಕರಣೆಯ ವಿರುದ್ಧ ದೂರು

ಹಾಸನ
ದಿನಾಂಕ: 18 ನವೆಂಬರ್ 2024

ಇವರಿಂದ,
ಜಿ. ಎನ್. ಸಾವಿತ್ರಿ
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಹಾಸನ

ಇವರಿಗೆ,
1. ಕುಂದುಕೊರತೆ ಅಧಿಕಾರಿಗಳು, ವಿಮಾನಯಾನ ಸಂಸ್ಥೆಯ ಕೇಂದ್ರ ಕಚೇರಿ
2. ಮಹಾನಿರ್ದೇಶಕರು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ), ನವದೆಹಲಿ

ಮಾನ್ಯರೆ,

ವಿಷಯ: 30 ಸೆಪ್ಟೆಂಬರ್ 2024ರ ಬೆಂಗಳೂರು–ವಾರಾಣಸಿ ವಿಮಾನವನ್ನು ಸಂಸ್ಥೆಯೇ ರದ್ದುಪಡಿಸಿ, ನಾಲ್ಕು ಟಿಕೆಟ್‌ಗಳ ಹಣ ಹಿಂದಿರುಗಿಸಲು ನಿರಾಕರಿಸಿರುವ ಕುರಿತು.

ಉಲ್ಲೇಖ: ಪಿ.ಎನ್.ಆರ್. ಸಂಖ್ಯೆ K7QW3M, ಸಂಸ್ಥೆಯಿಂದ 14 ಮತ್ತು 28 ಅಕ್ಟೋಬರ್ 2024ರಂದು ಬಂದ ಇ-ಮೇಲ್‌ಗಳು.

ನನ್ನ 79 ವರ್ಷದ ತಾಯಿ, ತಮ್ಮ, ತಮ್ಮನ ಹೆಂಡತಿ ಮತ್ತು ನಾನು, ಅಕ್ಟೋಬರ್ 2ರ ಮಹಾಲಯ ಅಮಾವಾಸ್ಯೆಯಂದು ಕಾಶಿಯಲ್ಲಿ ನಮ್ಮ ತಂದೆಯವರ ಪಿಂಡಪ್ರದಾನ ಮಾಡಬೇಕೆಂದು ನಿಶ್ಚಯಿಸಿ, ಜುಲೈ 6ರಂದೇ ಸಂಸ್ಥೆಯ ಜಾಲತಾಣದಲ್ಲಿ ನೇರವಾಗಿ ಟಿಕೆಟ್ ಕಾಯ್ದಿರಿಸಿದ್ದೆವು. ನನ್ನ ಕ್ರೆಡಿಟ್ ಕಾರ್ಡ್‌ನಿಂದ ಕಟ್ಟಿದ ಹಣ ಒಟ್ಟು 28,560 ರೂಪಾಯಿ. ಇದರಲ್ಲಿ ತಲಾ 5,600 ರೂ. ಇಂಧನ ಶುಲ್ಕ ಸೇರಿದ ಮೂಲ ದರ, 280 ರೂ. ಜಿಎಸ್‌ಟಿ, 960 ರೂ. ವಿಮಾನ ನಿಲ್ದಾಣದ ಶುಲ್ಕಗಳು, 300 ರೂ. ಆಸನ ಆಯ್ಕೆಯ ಶುಲ್ಕ. ಮಂಡಿನೋವಿರುವ ತಾಯಿಗೆ ಓಡಾಡುವ ದಾರಿಯ ಬದಿಯ ಆಸನ ಬೇಕಿದ್ದುದರಿಂದ ಈ ಕೊನೆಯ ಶುಲ್ಕವನ್ನು ಕಟ್ಟಿದ್ದೆವು.

ವಿಮಾನ ಹೊರಡಬೇಕಿದ್ದುದು ಸೆಪ್ಟೆಂಬರ್ 30ರ ಬೆಳಿಗ್ಗೆ 10.35ಕ್ಕೆ. ಹಿಂದಿನ ರಾತ್ರಿ 9.18ಕ್ಕೆ, ಅಂದರೆ ಹೊರಡಲು ಹದಿಮೂರು ಗಂಟೆ ಹದಿನೇಳು ನಿಮಿಷ ಉಳಿದಿದ್ದಾಗ, ಕಾರ್ಯಾಚರಣೆಯ ಕಾರಣದಿಂದ ವಿಮಾನ ರದ್ದಾಗಿದೆ ಎಂಬ ಎಸ್‌ಎಂಎಸ್ ನನ್ನ ಮೊಬೈಲಿಗೆ ಬಂತು. ಅದೇ ಸಂದೇಶದಲ್ಲಿ, ನಮ್ಮನ್ನು ಅಕ್ಟೋಬರ್ 2ರ ಸಂಜೆ 5.50ರ ವಿಮಾನಕ್ಕೆ ಬದಲಾಯಿಸಲಾಗಿದೆ ಎಂದೂ ಇತ್ತು. ಆ ವಿಮಾನ ಕಾಶಿಗೆ ಮುಟ್ಟುವ ಹೊತ್ತಿಗೆ ಅಮಾವಾಸ್ಯೆಯ ಕರ್ಮದ ಕಾಲವೇ ಕಳೆದುಹೋಗಿರುತ್ತಿತ್ತು. ತಿಥಿಯನ್ನು ಎರಡು ದಿನ ಮುಂದೂಡಲು ಬರುವುದಿಲ್ಲ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ರಾತ್ರಿ 10.05ಕ್ಕೆ ನಾನು ಸಂಸ್ಥೆಯ ಗ್ರಾಹಕ ಸೇವಾ ಸಂಖ್ಯೆಗೆ ಕರೆ ಮಾಡಿ, ಈ ಬದಲಿ ವಿಮಾನ ನಮಗೆ ಬೇಡ, ಹಣ ವಾಪಸು ಮಾಡಿ ಎಂದು ಸ್ಪಷ್ಟವಾಗಿ ಹೇಳಿದೆ. ಮಾತನಾಡಿದ ಸಿಬ್ಬಂದಿ ಸೌಜನ್ಯದಿಂದಲೇ ಕೇಳಿಸಿಕೊಂಡು, ಏಳು ದಿನಗಳಲ್ಲಿ ಪೂರ್ಣ ಹಣ ಕಾರ್ಡಿಗೆ ಜಮೆಯಾಗುತ್ತದೆ ಎಂದರು. ಬಾಯಿಮಾತು ಸಾಲದೆಂದು 10.40ಕ್ಕೆ ಇದೇ ವಿಷಯವನ್ನು ಇ-ಮೇಲ್ ಮೂಲಕವೂ ತಿಳಿಸಿದೆ; ಅದು ತಲುಪಿದೆ ಎಂಬ ಸ್ವಯಂಚಾಲಿತ ಉತ್ತರವೂ ನನ್ನ ಬಳಿ ಇದೆ. ಆಮೇಲೆ ನಾವು ಮತ್ತೊಂದು ಸಂಸ್ಥೆಯ ವಿಮಾನದಲ್ಲಿ ತಲಾ 13,400 ರೂಪಾಯಿ ಕೊಟ್ಟು ಮರುದಿನ ಮಧ್ಯಾಹ್ನ ಪ್ರಯಾಣ ಬೆಳೆಸಿದೆವು.

ಏಳು ದಿನ ಕಳೆದರೂ ಹಣ ಬಾರದಿದ್ದಾಗ ಅಕ್ಟೋಬರ್ 9ರಂದು ನೆನಪೋಲೆ ಕಳಿಸಿದೆ. ಅದಕ್ಕೆ 14ರಂದು ಬಂದ ಉತ್ತರ ಓದಿ ದಿಗ್ಭ್ರಮೆಯಾಯಿತು. ಬದಲಿ ವಿಮಾನವನ್ನು ನಾವು ಒಪ್ಪಿಕೊಂಡಿದ್ದೆವಂತೆ. ಅದರಲ್ಲಿ ಪ್ರಯಾಣಿಸದ ಕಾರಣ ನಮ್ಮನ್ನು ‘ನೋ-ಶೋ’ ಎಂದು ಪರಿಗಣಿಸಲಾಗಿದೆಯಂತೆ. ಆದ್ದರಿಂದ ಮೂಲ ದರ ಮರಳಿ ಸಿಗುವುದಿಲ್ಲವಂತೆ. ನಿಲ್ದಾಣದ ಶುಲ್ಕಗಳ ಬಾಬ್ತು 3,840 ರೂಪಾಯಿಯನ್ನು ಮಾತ್ರ, ಅದನ್ನೂ ನನ್ನನ್ನು ಕೇಳದೆ, ಒಂದು ವರ್ಷದ ಅವಧಿಯ ‘ಕ್ರೆಡಿಟ್ ಶೆಲ್’ನಲ್ಲಿ ಇರಿಸಲಾಗಿದೆ. ಅಕ್ಟೋಬರ್ 16ರಂದು ನೋಡಲ್ ಅಧಿಕಾರಿಗಳಿಗೆ ಬರೆದ ದೂರಿಗೂ 28ರಂದು ಇದೇ ಉತ್ತರ, ಇದೇ ಪದಗಳಲ್ಲಿ ಬಂದಿದೆ. ನನ್ನ 10.40ರ ಇ-ಮೇಲ್‌ನ ಬಗ್ಗೆ ಎರಡೂ ಉತ್ತರಗಳಲ್ಲಿ ಒಂದಕ್ಷರವೂ ಇಲ್ಲ.

ನನ್ನ ಆಕ್ಷೇಪದ ತಿರುಳು ಇಲ್ಲಿದೆ. ಸಂಸ್ಥೆ ತಾನೇ ರದ್ದುಮಾಡಿದ ಪ್ರಯಾಣವನ್ನು, ಪ್ರಯಾಣಿಕರೇ ಕೈಬಿಟ್ಟ ಪ್ರಯಾಣವೆಂದು ಕಡತದಲ್ಲಿ ಬದಲಾಯಿಸಿಕೊಂಡಿದೆ. ಕೇಳದೆ ಕೊಟ್ಟ ಟಿಕೆಟ್‌ಗೆ ಯಾರೂ ಉತ್ತರಿಸದೇ ಇದ್ದಿದ್ದರೂ ಅದು ಒಪ್ಪಿಗೆಯಾಗುತ್ತಿರಲಿಲ್ಲ; ನಾನಾದರೋ ಒಂದು ಗಂಟೆಯೊಳಗೆ ಮಾತಿನಲ್ಲಿಯೂ ಎರಡು ಗಂಟೆಯೊಳಗೆ ಬರಹದಲ್ಲಿಯೂ ಬೇಡವೆಂದಿದ್ದೇನೆ. ಬೇಡವೆಂದ ವಿಮಾನಕ್ಕೆ ಬರಲಿಲ್ಲ ಎಂದು ದಂಡ ಹಾಕುವುದು ಯಾವ ನ್ಯಾಯ?

ಡಿಜಿಸಿಎ ಹೊರಡಿಸಿರುವ ನಾಗರಿಕ ವಿಮಾನಯಾನ ನಿಯಮಾವಳಿಯ 3ನೇ ವಿಭಾಗದ ‘ಎಂ’ ಸರಣಿಯ 4ನೇ ಭಾಗದಂತೆ, ವಿಮಾನ ರದ್ದಾದಾಗ ಪ್ರಯಾಣಿಕರಿಗೆ ಒಪ್ಪಿಗೆಯಾಗುವಂತೆ ಬದಲಿ ವಿಮಾನವನ್ನಾಗಲಿ ಹಣವನ್ನಾಗಲಿ ಕೊಡಬೇಕು, ಆಯ್ಕೆ ಪ್ರಯಾಣಿಕರದ್ದು. ಹೊರಡಲು ಇಪ್ಪತ್ತನಾಲ್ಕು ಗಂಟೆಗಿಂತ ಕಡಿಮೆ ಸಮಯವಿರುವಾಗ ತಿಳಿಸಿದರೆ ಹಣದ ಜೊತೆಗೆ ಪರಿಹಾರವೂ ಸಲ್ಲಬೇಕು. ಎರಡು ಗಂಟೆಗೂ ಮೀರಿದ ಹಾರಾಟವಾದ್ದರಿಂದ ನಮ್ಮ ಪ್ರಕರಣದಲ್ಲಿ ಅದು 10,000 ರೂಪಾಯಿ ಅಥವಾ ಇಂಧನ ಶುಲ್ಕ ಸೇರಿದ ಏಕಮುಖ ಮೂಲ ದರ, ಇವೆರಡರಲ್ಲಿ ಕಡಿಮೆ ಇರುವುದು. ಅಂದರೆ ತಲಾ 5,600 ರೂಪಾಯಿ. ಪ್ರಕೃತಿ ವಿಕೋಪ, ಗಲಭೆ, ಮುಷ್ಕರದಂತಹ ಸಂಸ್ಥೆಯ ಕೈಮೀರಿದ ಸಂದರ್ಭಗಳಲ್ಲಿ ಪರಿಹಾರಕ್ಕೆ ವಿನಾಯಿತಿ ಇದೆ ಎಂಬುದನ್ನು ನಾನು ಬಲ್ಲೆ. ಆದರೆ ‘ಕಾರ್ಯಾಚರಣೆಯ ಕಾರಣ’ ಎಂಬ ಎರಡು ಪದಗಳಿಗೆ ಆ ವಿನಾಯಿತಿ ದಕ್ಕುವುದಿಲ್ಲ, ಮತ್ತು ವಿನಾಯಿತಿ ಇದ್ದರೂ ಅದು ಪರಿಹಾರಕ್ಕೇ ಹೊರತು ಟಿಕೆಟ್ ಹಣಕ್ಕಲ್ಲ.

ಅದೇ ಸರಣಿಯ 2ನೇ ಭಾಗವು, ಕ್ರೆಡಿಟ್ ಕಾರ್ಡ್‌ನಿಂದ ಪಾವತಿಸಿದ್ದಲ್ಲಿ ಏಳು ದಿನಗಳೊಳಗೆ ಕಾರ್ಡಿನ ಖಾತೆಗೇ ಹಣ ಮರಳಿಸಬೇಕೆಂದೂ, ಹಣವನ್ನು ಕ್ರೆಡಿಟ್ ಶೆಲ್‌ನಲ್ಲಿ ಇಡುವ ಆಯ್ಕೆ ಪ್ರಯಾಣಿಕರದ್ದೇ ಹೊರತು ಸಂಸ್ಥೆಯ ವಾಡಿಕೆಯಾಗಬಾರದೆಂದೂ ಹೇಳುತ್ತದೆ. ಶಾಸನಬದ್ಧ ತೆರಿಗೆಗಳನ್ನು ಮರಳಿಸಲೇಬೇಕು ಎಂಬ ನಿಯಮವೂ ಅಲ್ಲಿಯೇ ಇದೆ. ನಮ್ಮನ್ನು ‘ನೋ-ಶೋ’ ಎಂದೇ ಇಟ್ಟುಕೊಂಡರೂ, ನಾಲ್ವರ ಜಿಎಸ್‌ಟಿ 1,120 ರೂಪಾಯಿ ಎಲ್ಲಿ ಹೋಯಿತು ಎಂಬುದಕ್ಕೆ ಸಂಸ್ಥೆಯ ಬಳಿ ಉತ್ತರವಿಲ್ಲ.

ಆದ್ದರಿಂದ ಕುಂದುಕೊರತೆ ಅಧಿಕಾರಿಗಳಲ್ಲಿ ನನ್ನ ಕೋರಿಕೆ: ‘ನೋ-ಶೋ’ ನಮೂದನ್ನು ತೆಗೆದುಹಾಕಿ, ಟಿಕೆಟ್‌ಗಳ ಪೂರ್ಣ ಹಣ 28,560 ರೂಪಾಯಿಯನ್ನೂ ನಾಲ್ವರ ಪರಿಹಾರ 22,400 ರೂಪಾಯಿಯನ್ನೂ ಸೇರಿಸಿ ಒಟ್ಟು 50,960 ರೂಪಾಯಿಯನ್ನು ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಪಾವತಿಸಬೇಕು. ಕ್ರೆಡಿಟ್ ಶೆಲ್‌ನಲ್ಲಿರುವ ಮೊತ್ತವನ್ನು ನಾನು ಮುಟ್ಟಿಲ್ಲ, ಅದನ್ನು ರದ್ದುಮಾಡಿಕೊಳ್ಳಬಹುದು. ಸೆಪ್ಟೆಂಬರ್ 29ರ ರಾತ್ರಿಯ ನನ್ನ ಕರೆಯ ಧ್ವನಿಮುದ್ರಣವನ್ನು ಅಳಿಸದೆ ಕಾಪಾಡಬೇಕು. ಬದಲಿ ವಿಮಾನವನ್ನು ನಾವು ಒಪ್ಪಿದ್ದೇವೆ ಎನ್ನುವುದಾದರೆ, ಯಾರು, ಯಾವಾಗ, ಹೇಗೆ ಒಪ್ಪಿದರೆಂಬ ದಾಖಲೆಯನ್ನು ನನಗೆ ಕೊಡಬೇಕು.

ಮಹಾನಿರ್ದೇಶಕರಲ್ಲಿ ನನ್ನ ವಿನಂತಿ ಬೇರೆ. ರದ್ದತಿಯ ನಿಜವಾದ ಕಾರಣವನ್ನು ಸಂಸ್ಥೆಯಿಂದ ಲಿಖಿತವಾಗಿ ಪಡೆದು, ಪ್ರಯಾಣಿಕರ ಒಪ್ಪಿಗೆಯಿಲ್ಲದೆ ಬದಲಿ ಟಿಕೆಟ್ ನೀಡಿ ಆಮೇಲೆ ‘ನೋ-ಶೋ’ ಎನ್ನುವ ಕ್ರಮ ನಿಯಮಕ್ಕೆ ಒಪ್ಪುತ್ತದೆಯೇ ಎಂದು ಪರಿಶೀಲಿಸಬೇಕು. ಅದೇ ವಿಮಾನದಲ್ಲಿ ಹೋಗಬೇಕಿದ್ದ ಇತರರಿಗೂ ಹೀಗೇ ಆಗಿದೆಯೇ ಎಂಬುದನ್ನು ನಾನು ತಿಳಿಯಲಾರೆ. ನಿಮ್ಮ ಕಚೇರಿಯಿಂದ ಅದು ಸಾಧ್ಯ.

ನಿಗದಿತ ಅವಧಿಯಲ್ಲಿ ಹಣ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಂತೆ ನಾನು ವಾಸವಿರುವ ಹಾಸನದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಬೇರೆ ವಿಮಾನಕ್ಕೆ ಹೆಚ್ಚುವರಿಯಾಗಿ ತೆತ್ತ ಹಣ ಮತ್ತು ಅನುಭವಿಸಿದ ಮಾನಸಿಕ ಯಾತನೆಯ ಪರಿಹಾರವನ್ನು ಇಲ್ಲಿ ಕೇಳಿಲ್ಲ. ಆ ಹಕ್ಕನ್ನು ಅಲ್ಲಿಗಾಗಿ ಕಾಯ್ದಿರಿಸಿಕೊಂಡಿದ್ದೇನೆ.

ಟಿಕೆಟ್ ಹಾಗೂ ಪಾವತಿಯ ರಸೀದಿ, ರದ್ದತಿಯ ಎಸ್‌ಎಂಎಸ್‌ನ ಚಿತ್ರ, ಕರೆಯ ವಿವರ, ಎಲ್ಲ ಇ-ಮೇಲ್‌ಗಳು, ಅಕ್ಟೋಬರ್ ತಿಂಗಳ ಕಾರ್ಡ್ ಲೆಕ್ಕಪಟ್ಟಿ ಮತ್ತು ಈ ಪತ್ರದ ಇಂಗ್ಲಿಷ್ ಅನುವಾದದ ಪ್ರತಿಗಳನ್ನು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
(ಸಹಿ)
ಜಿ. ಎನ್. ಸಾವಿತ್ರಿ