ಬಾಳೆ ಎಲೆ ಊಟ, ಎಲೆಗೆ 320 ರೂಪಾಯಿ: ಮದುವೆ, ಗೃಹಪ್ರವೇಶ, ನಾಮಕರಣಕ್ಕೆ (ಮೈಸೂರು)

ಹೋದ ಭಾನುವಾರ ಕುವೆಂಪುನಗರದಲ್ಲಿ ಒಂದು ಗೃಹಪ್ರವೇಶ. ಮೊದಲ ಪಂಕ್ತಿ ಕೂರುವ ಮುಂಚೆ ತೆಗೆದ ಫೋಟೋ ಇದು.

ಎಲೆಯ ಮೇಲ್ಗಡೆ ಎಡದಿಂದ ನೋಡಿ: ಉಪ್ಪು, ಮಿಡಿ ಉಪ್ಪಿನಕಾಯಿ, ಹೆಸರುಬೇಳೆ ಕೋಸಂಬರಿ, ಕಡ್ಲೆಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಅನಾನಸ್ ಗೊಜ್ಜು. ಕೆಳಗಡೆ ವಾಂಗಿಭಾತ್, ಆಂಬೊಡೆ, ಹಪ್ಪಳ, ಶಾವಿಗೆ ಪಾಯಸ. ನಡುವಿನ ಖಾಲಿ ಜಾಗ ಅನ್ನ, ತೊವ್ವೆ, ತುಪ್ಪಕ್ಕೆ. ಆಮೇಲೆ ಹುಳಿ, ತಿಳಿಸಾರು, ಬೇಳೆ ಹೋಳಿಗೆ, ಕೊನೆಗೆ ಮಜ್ಜಿಗೆ. ಎದ್ದ ಮೇಲೆ ಬಾಳೆಹಣ್ಣು, ನಮ್ಮ ಮೈಸೂರು ವೀಳ್ಯದೆಲೆ, ಅಡಿಕೆ.

ಎರಡನೇ ಫೋಟೋ ಹೋಳಿಗೆಯದು. ಕಣಕಕ್ಕೆ ಚಿರೋಟಿ ರವೆ ಬಳಸುತ್ತೇವೆ, ಎಣ್ಣೆಯಲ್ಲಿ ಚೆನ್ನಾಗಿ ನೆನೆಯಲು ಬಿಡುತ್ತೇವೆ. ಹೂರಣ ಅದೇ ದಿನ ಬೆಳಗ್ಗೆ ರುಬ್ಬಿದ್ದು. ಛತ್ರದಲ್ಲೇ ಕಾವಲಿ ಇಟ್ಟು, ಪಂಕ್ತಿ ಸಾರಿನ ಹೊತ್ತಿಗೆ ಬಂದಾಗ ಬೇಯಿಸಲು ಶುರು. ಹಿಂದಿನ ದಿನ ಮಾಡಿಟ್ಟ ಹೋಳಿಗೆ ನಮ್ಮಲ್ಲಿ ಎಲೆಗೆ ಬರುವುದಿಲ್ಲ. ಇದಕ್ಕೆ ಜನ ಜಾಸ್ತಿ ಬೇಕು, ಖರ್ಚೂ ಜಾಸ್ತಿ. ಆದರೆ ಊಟ ಮಾಡಿದವರು ನೆನಪಿಟ್ಟುಕೊಳ್ಳುವುದು ಅದನ್ನೇ ಅಲ್ವಾ?

ಈಗ ರೇಟ್ ವಿಷಯ. ಇದೇ ಮೆನು, 150 ಎಲೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಲೆಗೆ 320 ರೂಪಾಯಿ. 150ಕ್ಕಿಂತ ಕಡಿಮೆಯಾದರೆ 360. ಅರವತ್ತು ಜನಕ್ಕೂ ಭಟ್ಟರು, ಗಾಡಿ, ಗ್ಯಾಸ್ ಎಲ್ಲ ಬೇಕೇ ಬೇಕು, ಅದಕ್ಕೇ ಈ ವ್ಯತ್ಯಾಸ. ಹೋಳಿಗೆ ಬದಲು ಲಾಡು ಸಾಕು ಅಂದರೆ 25 ರೂಪಾಯಿ ಕಡಿಮೆ. ಚಿರೋಟಿ, ಬಾದಾಮಿ ಹಾಲು ಸೇರಿಸಿದರೆ 45 ಜಾಸ್ತಿ. ಮೊದಲು ಮೆನು ಕೂತು ಮಾತಾಡೋಣ, ರೇಟ್ ಆಮೇಲೆ ಬರೆದು ಕೊಡುತ್ತೇವೆ. ಬರೆದು ಕೊಟ್ಟ ಮೇಲೆ ತರಕಾರಿ ಬೆಲೆ ಏರಿದರೂ ನಿಮ್ಮ ರೇಟ್ ಬದಲಾಗುವುದಿಲ್ಲ.

ಅಡುಗೆ, ಬಡಿಸುವವರು, ಎಲೆ, ಟೇಬಲ್ ಪೇಪರ್, ನೀರಿನ ಬಾಟಲ್, ಪಾತ್ರೆ, ಗ್ಯಾಸ್, ರಿಂಗ್ ರೋಡ್ ಒಳಗಿನ ಸಾಗಾಟ ಎಲ್ಲವೂ ಈ ರೇಟ್‌ನಲ್ಲೇ ಬಂತು. ಜಿಎಸ್‌ಟಿ 5% ಬೇರೆ. ಬೆಳಗಿನ ತಿಂಡಿ, ಕಾಫಿ ಬೇಕಿದ್ದರೆ ಅದರ ಲೆಕ್ಕ ಪ್ರತ್ಯೇಕ.

ಎಲೆ ಎಣಿಸುವಾಗ ನಿಮ್ಮ ಕಡೆಯವರು ಒಬ್ಬರು ನಮ್ಮ ಮೇಲ್ವಿಚಾರಕರ ಜೊತೆ ನಿಂತಿರಲಿ. ಪ್ರತಿ ಪಂಕ್ತಿ ಎದ್ದ ಕೂಡಲೇ ಇಬ್ಬರೂ ಎಣಿಸಿ ಚೀಟಿಗೆ ಸಹಿ ಹಾಕಿದರೆ ಸಂಜೆ ಮಾತೇ ಬರುವುದಿಲ್ಲ. ನೀವು ಹೇಳಿದ ಸಂಖ್ಯೆಗಿಂತ 10% ಹೆಚ್ಚು ಜನ ಬಂದರೂ ಅದೇ ರೇಟ್‌ಗೆ ಬಡಿಸುತ್ತೇವೆ. ಕಡಿಮೆ ಬಂದರೆ ಹೇಳಿದ ಸಂಖ್ಯೆಗೇ ಬಿಲ್, ಯಾಕೆಂದರೆ ಅಡುಗೆ ಆಗಿರುತ್ತದೆ. ಉಳಿದದ್ದನ್ನು ಡಬ್ಬಿಗೆ ತುಂಬಿ ನಿಮಗೇ ಕೊಡುತ್ತೇವೆ. ಇನ್ನೊಂದು ಮಾತು: ಪಟ್ಟಿ ಮಾಡುವಾಗ ವಾದ್ಯದವರು, ಪುರೋಹಿತರು, ಫೋಟೋದವರು, ಡ್ರೈವರ್‌ಗಳನ್ನು ದಯವಿಟ್ಟು ಸೇರಿಸಿ. ಸಾಮಾನ್ಯವಾಗಿ ಬಿಟ್ಟುಹೋಗುವುದು ಇವರೇ. ದಿನವಿಡೀ ದುಡಿದವರು ಹೊಟ್ಟೆ ತುಂಬ ಊಟ ಮಾಡಿ ಹೋಗಬೇಕು. ಆರು ವರ್ಷದೊಳಗಿನ ಮಕ್ಕಳ ಎಲೆಗೆ ಅರ್ಧ ರೇಟ್.

ಬುಕಿಂಗ್ ಮಾತ್ರ ತಡ ಮಾಡಬೇಡಿ. ಮದುವೆಗೆ ಕನಿಷ್ಠ ಮೂರು ತಿಂಗಳು ಮುಂಚೆ ಹೇಳಿ. ತುಳಸಿ ಹಬ್ಬ ಆದ ಮೇಲೆ ಧನುರ್ಮಾಸ ಶುರುವಾಗುವವರೆಗೆ ಮುಹೂರ್ತಗಳು ಸಾಲಾಗಿ ಬರುತ್ತವೆ, ಮಾಘ, ವೈಶಾಖದಲ್ಲೂ ಅಷ್ಟೇ. ಒಂದು ದಿನಕ್ಕೆ ಎರಡೇ ಕೆಲಸ ಒಪ್ಪಿಕೊಳ್ಳುತ್ತೇವೆ. ಮೂರನೆಯದು ಒಪ್ಪಿದರೆ ಹುಳಿಗೆ ಉಪ್ಪು ನೋಡಲು ನಮ್ಮ ಹಿರಿಯ ಭಟ್ಟರು ಇರುವುದಿಲ್ಲ. ಛತ್ರ ಗೊತ್ತಾದ ದಿನವೇ ನಮಗೂ ಒಂದು ಫೋನ್ ಮಾಡಿಬಿಡಿ. ಗೃಹಪ್ರವೇಶ, ಉಪನಯನಕ್ಕೆ ಒಂದು ತಿಂಗಳು ಸಾಕು. ನಾಮಕರಣ, ಸೀಮಂತಕ್ಕೆ 15 ದಿನ. ಮನೆಯಲ್ಲೇ 50 ಎಲೆಯೊಳಗಿನ ಪೂಜೆ ಊಟಕ್ಕೆ 4 ದಿನ ಮುಂಚೆ ಹೇಳಿದರೂ ನಡೆಯುತ್ತದೆ, ಅಷ್ಟು ಸಣ್ಣ ಕೆಲಸದ ರೇಟ್ ಮೆನು ನೋಡಿ ಹೇಳುತ್ತೇವೆ. ವೈಕುಂಠ ಸಮಾರಾಧನೆಗೆ ಈ ಯಾವ ಲೆಕ್ಕವೂ ಇಲ್ಲ, ಯಾವಾಗ ಬೇಕಾದರೂ ಕರೆ ಮಾಡಿ, ಹೇಗಾದರೂ ಹೊಂದಿಸುತ್ತೇವೆ.

25% ಅಡ್ವಾನ್ಸ್ ಕೊಟ್ಟರೆ ದಿನಾಂಕ ನಿಮ್ಮದು. ಎಲೆ ಎಷ್ಟು ಅನ್ನುವುದನ್ನು 3 ದಿನ ಮುಂಚೆ ಖಚಿತ ಮಾಡಿ, ತರಕಾರಿ ಹಾಕಿಸುವುದು ಆ ಲೆಕ್ಕದ ಮೇಲೆ. ಬಾಕಿ ಹಣ ಊಟ ಮುಗಿದು ಎಲೆ ಎಣಿಸಿದ ಮೇಲೆ. ಮುಹೂರ್ತ ಮುಂದಕ್ಕೆ ಹೋದರೆ 30 ದಿನ ಮುಂಚೆ ತಿಳಿಸಿ, ಅಡ್ವಾನ್ಸ್ ಹೊಸ ದಿನಾಂಕಕ್ಕೆ ಸೇರುತ್ತದೆ.

ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆ ಬೇಕಿದ್ದರೆ ಮೊದಲೇ ಹೇಳಿ. ದಿನಾಂಕ, ಜಾಗ, ಸುಮಾರು ಎಷ್ಟು ಎಲೆ, ಇಷ್ಟನ್ನು ಇನ್‌ಬಾಕ್ಸ್‌ಗೆ ಕಳಿಸಿ. ಅದೇ ದಿನ ಮೆನು, ರೇಟ್ ಎರಡೂ ಕಳಿಸುತ್ತೇವೆ. ರುಚಿ ನೋಡಿ ತೀರ್ಮಾನ ಮಾಡುವವರು ಶನಿವಾರ ಮಧ್ಯಾಹ್ನ ನಮ್ಮ ಅಡುಗೆಮನೆಗೇ ಬನ್ನಿ, ಹಿಂದಿನ ದಿನ ಒಂದು ಮೆಸೇಜ್ ಹಾಕಿದರೆ ಎಲೆ ಹಾಕಿರುತ್ತೇವೆ.

#ಎಲೆಊಟ #ಮೈಸೂರುಕೇಟರಿಂಗ್ #ಮದುವೆಊಟ #ಬೇಳೆಹೋಳಿಗೆ