ವಿಷಯ: ಬ್ಯಾಕೆಂಡ್ ಇಂಟರ್ನ್ ಹುದ್ದೆಗೆ ರೆಫರಲ್ ಕೋರಿಕೆ – ಜಾಬ್ ಐಡಿ 48213, ಕೊನೆಯ ದಿನ ಏಪ್ರಿಲ್ 28

ನಮಸ್ಕಾರ ಮೇಡಂ,

ನಿಮಗೆ ನನ್ನ ಪರಿಚಯವಿಲ್ಲ. ನಾನು ಶ್ವೇತಾ, ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಆರನೇ ಸೆಮಿಸ್ಟರ್ ವಿದ್ಯಾರ್ಥಿನಿ. ಪೇಮೆಂಟ್ ರಿಟ್ರೈ ಬಗ್ಗೆ ನೀವು ಮಾತಾಡಿದ ವಿಡಿಯೋದ ಕೊನೆಯ ಸ್ಲೈಡ್‌ನಲ್ಲಿ ಈ ಇಮೇಲ್ ಇತ್ತು. ಹಾಗಾಗಿ ಇಲ್ಲಿಗೇ ಬರೆಯುತ್ತಿದ್ದೇನೆ.

ನಿಮ್ಮ ಕಂಪನಿಯ ಕರಿಯರ್ಸ್ ಪುಟದಲ್ಲಿ ಬ್ಯಾಕೆಂಡ್ ಇಂಟರ್ನ್ ಹುದ್ದೆಗೆ ಅರ್ಜಿ ಕರೆದಿದ್ದಾರೆ. ನನ್ನ ಕೋಡ್ ನೋಡಿ ನಿಮಗೆ ಸರಿ ಅನ್ನಿಸಿದರೆ, ಆ ಹುದ್ದೆಗೆ ನನ್ನನ್ನು ರೆಫರ್ ಮಾಡಬಹುದೇ?

ನೋಡಲು ಒಂದೇ ಪ್ರಾಜೆಕ್ಟ್ ಸಾಕು: ಲೈಬ್ರರಿಯ ಸೀಟ್ ಬುಕಿಂಗ್. ಬಟನ್ ಎರಡು ಸಲ ಒತ್ತಿದರೆ ಎರಡು ಬುಕಿಂಗ್ ಆಗುತ್ತಿತ್ತು. ‘ಸೀಟ್ ಖಾಲಿ ಇದೆಯಾ’ ಎಂದು ಮೊದಲು ನೋಡಿ ಆಮೇಲೆ ಸೇರಿಸುವ ಕೋಡ್ ಅದು; ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದರೆ ಎರಡಕ್ಕೂ ಸೀಟ್ ಖಾಲಿಯಾಗಿಯೇ ಕಾಣುತ್ತಿತ್ತು. ತಡೆಯುವ ಕೆಲಸವನ್ನು ಪೋಸ್ಟ್‌ಗ್ರೆಸ್‌ಗೇ ಬಿಟ್ಟ ಮೇಲೆ ಸರಿಹೋಯಿತು:

```sql
CREATE UNIQUE INDEX one_booking
ON bookings (seat_id, slot_start)
WHERE status = 'booked';
```

ಕೊನೆಯ ಸಾಲು ಮೊದಲು ಇರಲಿಲ್ಲ. ಆಗ ರದ್ದಾದ ಬುಕಿಂಗ್ ಕೂಡ ಸೀಟನ್ನು ಹಿಡಿದೇ ಕೂತಿರುತ್ತಿತ್ತು, ಅದೇ ಹೊತ್ತಿಗೆ ಬೇರೆ ಯಾರಿಗೂ ಸಿಗುತ್ತಿರಲಿಲ್ಲ. ಈಗ ಒಂದೇ ಸೀಟಿಗೆ ಒಟ್ಟಿಗೆ 200 ರಿಕ್ವೆಸ್ಟ್ ಕಳಿಸಿದರೆ ಒಂದಕ್ಕೆ 201, ಉಳಿದ 199ಕ್ಕೆ 409 ಬರುತ್ತದೆ. ಆ ಪರೀಕ್ಷೆಯ ಸ್ಕ್ರಿಪ್ಟ್ ಕೂಡ ರೆಪೊದಲ್ಲಿದೆ. ರೀಡ್‌ಮಿಯಲ್ಲಿರುವ ಎರಡು ಕಮಾಂಡ್‌ಗಳಿಂದ ಓಡುತ್ತದೆ.

ಹುದ್ದೆಗೆ ಕೇಳಿರುವುದರಲ್ಲಿ ಪೈಥಾನ್, ಎಸ್‌ಕ್ಯೂಎಲ್, ಗಿಟ್ ದಿನವೂ ಬಳಸುತ್ತೇನೆ. ಜಾವಾ ಒಂದು ಸೆಮಿಸ್ಟರ್ ಪಾಠದಷ್ಟೇ ಗೊತ್ತು. ಕಾಫ್ಕಾ ಮುಟ್ಟಿಲ್ಲ. ಪರೀಕ್ಷೆ ಮೇ 23ಕ್ಕೆ ಮುಗಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಪೂರ್ತಿ ಹೊತ್ತು ಕೆಲಸ ಮಾಡಬಲ್ಲೆ.

ನಾನಿನ್ನೂ ಅರ್ಜಿ ಹಾಕಿಲ್ಲ. ಮೊದಲೇ ಹಾಕಿದರೆ ಆಮೇಲೆ ಬಂದ ರೆಫರಲ್ ಆ ಅರ್ಜಿಗೆ ಸೇರದಿರುವುದೂ ಉಂಟು, ಅದಕ್ಕೇ ತಡೆದಿದ್ದೇನೆ. ಏಪ್ರಿಲ್ 25ರ ಸಂಜೆಯವರೆಗೆ ಕಾದು ನೇರವಾಗಿ ಹಾಕುತ್ತೇನೆ. ನಿಮ್ಮಲ್ಲಿ ಕ್ರಮ ಬೇರೆ ಇದ್ದರೆ ಒಂದು ಸಾಲು ತಿಳಿಸಿದರೂ ಉಪಕಾರ.

ಒಂದು ಪುಟದ ರೆಸ್ಯೂಮೆ ಪಿಡಿಎಫ್ ಲಗತ್ತಿಸಿದ್ದೇನೆ. ಫಾರ್ಮ್‌ಗೆ ಬೇಕಾಗುವ ಪೂರ್ಣ ಹೆಸರು, ಇಮೇಲ್, ಫೋನ್, ಪದವಿ ಮುಗಿಯುವ ತಿಂಗಳು ಅದರ ಮೇಲ್ಭಾಗದಲ್ಲೇ ಇವೆ, ರೆಪೊ ಲಿಂಕ್ ಕೂಡ. ‘ಅಭ್ಯರ್ಥಿ ಹೇಗೆ ಗೊತ್ತು’ ಎಂಬ ಪ್ರಶ್ನೆ ಬಂದರೆ ಇದನ್ನು ಹಾಗೇ ಹಾಕಬಹುದು:

“ವೈಯಕ್ತಿಕ ಪರಿಚಯವಿಲ್ಲ, ಜೊತೆಗೆ ಕೆಲಸ ಮಾಡಿಲ್ಲ. ಇಮೇಲ್ ಮೂಲಕ ಸಂಪರ್ಕಿಸಿದರು. ಸೀಟ್ ಬುಕಿಂಗ್ ಪ್ರಾಜೆಕ್ಟ್‌ನ ಕೋಡ್ ನೋಡಿದ್ದೇನೆ.”

ಮುಖ ನೋಡದವರಿಗೆ ಹೆಸರು ಕೊಡುವುದು ಕಷ್ಟ ಎಂದು ಗೊತ್ತು. ಬೇಡ ಅನ್ನಿಸಿದರೆ ಕಾರಣ ಹೇಳಬೇಕಾಗಿಲ್ಲ. ಮೊದಲು ಮಾತಾಡಿ ನೋಡೋಣ ಎಂದರೆ, ಸಂಜೆ ಐದರ ನಂತರ ಯಾವ ದಿನವಾದರೂ ಹತ್ತು ನಿಮಿಷ ಫೋನಿಗೆ ಸಿಗುತ್ತೇನೆ.

ವಂದನೆಗಳೊಂದಿಗೆ,
ಶ್ವೇತಾ

*

ಏಪ್ರಿಲ್ 23, ಅದೇ ಇಮೇಲ್‌ನ ಕೆಳಗೆ

ನಮಸ್ಕಾರ ಮೇಡಂ,

ಕಳೆದ ವಾರ ಬ್ಯಾಕೆಂಡ್ ಇಂಟರ್ನ್ ಹುದ್ದೆಯ (48213) ರೆಫರಲ್ ಬಗ್ಗೆ ಬರೆದಿದ್ದೆ. ಕೆಲಸದ ನಡುವೆ ಕೆಳಗೆ ಹೋಗಿರಬಹುದೆಂದು ಇದೊಂದೇ ಸಲ ನೆನಪಿಸುತ್ತಿದ್ದೇನೆ. ರೆಸ್ಯೂಮೆಯನ್ನು ಮತ್ತೆ ಲಗತ್ತಿಸಿದ್ದೇನೆ, ಹಿಂದಿನದರಲ್ಲಿ ಹುಡುಕಬೇಕಾಗಿಲ್ಲ. ಉತ್ತರಕ್ಕೆ ಪುರಸೊತ್ತಾಗದಿದ್ದರೆ ಬೇಸರವಿಲ್ಲ. 25ರ ಸಂಜೆ ನೇರವಾಗಿ ಅರ್ಜಿ ಹಾಕುತ್ತೇನೆ.

ಶ್ವೇತಾ

*

ಏಪ್ರಿಲ್ 24

ಮೇಡಂ, ಉತ್ತರಿಸಿದ್ದಕ್ಕೆ ತುಂಬಾ ಧನ್ಯವಾದ. ಜೊತೆಗೆ ಕೆಲಸ ಮಾಡಿದವರನ್ನು ಮಾತ್ರ ರೆಫರ್ ಮಾಡಬೇಕೆಂಬ ನಿಯಮ ನಿಮ್ಮಲ್ಲಿದೆ ಎಂದು ತಿಳಿಯಿತು, ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ. ಡೇಟಾಬೇಸ್ ಕೆಲಸವನ್ನು ರೆಸ್ಯೂಮೆಯ ಮೊದಲ ಸಾಲಿಗೆ ತರಲು ಹೇಳಿದ್ದಿರಿ, ತಂದಿದ್ದೇನೆ. ಅರ್ಜಿ ಈಗಷ್ಟೇ ಹಾಕಿದೆ. ಅದರಲ್ಲಿ ನಿಮ್ಮ ಹೆಸರನ್ನು ಎಲ್ಲೂ ಬಳಸಿಲ್ಲ.

ಶ್ವೇತಾ